ನಲ್ಲಿಯಿಂದ ಡೇರಿಗೆ ಎರಡು ನಿಮಿಷ

ಹೊಸಬರು ಬರೆದ ಕಿರುಚಿತ್ರದ ಚಿತ್ರಕಥೆಗಳನ್ನು ಓದಿ ಅಭಿಪ್ರಾಯ ಹೇಳುವ ಕೆಲಸ ಕೆಲವು ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ಅವುಗಳಲ್ಲಿ ಹೆಚ್ಚಿನವು ಒಂದೇ ಬಗೆಯಲ್ಲಿ ಶುರುವಾಗುತ್ತವೆ. ಬೆಟ್ಟದ ಮೇಲೆ ಸೂರ್ಯ ಹುಟ್ಟುತ್ತಾನೆ, ಹಕ್ಕಿ ಕೂಗುತ್ತದೆ, ಊರಿನ ಹೆಂಚಿನ ಮನೆಗಳು ಕಾಣುತ್ತವೆ. ಅಲಾರಾಂ ಹೊಡೆದುಕೊಳ್ಳುತ್ತದೆ, ನಾಯಕ ಎದ್ದು ಹಲ್ಲುಜ್ಜುತ್ತಾನೆ, ಅವನ ಅವ್ವ ಅಡುಗೆಮನೆಯಿಂದ ಬೈಯುತ್ತಾಳೆ. ಆಮೇಲೆ ಅವನದೇ ದನಿಯಲ್ಲಿ ವಾಯ್ಸ್ ಓವರ್: ನನ್ನ ಹೆಸರು ಇಂಥದ್ದು, ನನ್ನ ಊರು ಇಂಥದ್ದು. ಎರಡು ನಿಮಿಷ ಮುಗಿದಿರುತ್ತದೆ. ಊರು ಕಂಡಿತು, ಮನುಷ್ಯ ಕಂಡ, ಆದರೆ ಮುಂದೇನು ಎಂದು ಕೇಳಬೇಕೆನಿಸುವುದಿಲ್ಲ.

ಹೀಗಾಗುವುದಕ್ಕೆ ಕಾರಣ ಬರೆಯುವವರ ಸೋಮಾರಿತನವಲ್ಲ. ಲೋಕ, ಪಾತ್ರ, ಬಿಗುವು ಎಂಬ ಮೂರನ್ನು ಅವರು ಮೂರು ಬೇರೆ ಕೆಲಸಗಳೆಂದು ತಿಳಿದು ಒಂದಾದ ಮೇಲೊಂದು ಮಾಡಲು ಹೊರಡುತ್ತಾರೆ. ಮೊದಲು ಊರು ತೋರಿಸೋಣ, ಆಮೇಲೆ ಆಳನ್ನು ಪರಿಚಯ ಮಾಡೋಣ, ಕೊನೆಗೆ ತೊಂದರೆ ತರೋಣ ಎಂಬ ಲೆಕ್ಕ. ನೂರಿಪ್ಪತ್ತು ಸೆಕೆಂಡಿನಲ್ಲಿ ಆ ಲೆಕ್ಕ ಕೂಡುವುದಿಲ್ಲ. ನನ್ನ ಅನುಭವದಲ್ಲಿ ಇವು ಮೂರೂ ಒಂದೇ ವಸ್ತುವಿನಿಂದ ಹುಟ್ಟುತ್ತವೆ, ಆ ವಸ್ತು ಒಂದು ನಿಯಮ. ಆ ಜಾಗದಲ್ಲಿ ಎಲ್ಲರೂ ಒಪ್ಪಿಕೊಂಡು ನಡೆಯುವ ಕಟ್ಟಳೆ ಯಾವುದು ಎಂಬುದು ಲೋಕ. ಆ ಕಟ್ಟಳೆಯ ಮುಂದೆ ಒಬ್ಬ ಹೇಗೆ ನಿಲ್ಲುತ್ತಾನೆ ಎಂಬುದು ಪಾತ್ರ. ಅದೇ ಕಟ್ಟಳೆ ಅವನ ಕಡೆಗೇ ತಿರುಗಿದಾಗ ಬಿಗುವು.

ರಾಮ್ ರೆಡ್ಡಿ ನಿರ್ದೇಶಿಸಿ, ಈರೇಗೌಡರ ಜತೆ ಸೇರಿ ಬರೆದ ‘ತಿಥಿ’ಯ ಮೊದಲ ದೃಶ್ಯವನ್ನು ನೆನೆಯಿರಿ. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದ ಈ ಚಿತ್ರವನ್ನು ಮಂಡ್ಯ ಸೀಮೆಯ ನೊದೆಕೊಪ್ಪಲಿನಲ್ಲಿ ಅಲ್ಲಿಯ ಜನರನ್ನೇ ಇಟ್ಟುಕೊಂಡು ಮಾಡಿದ್ದು. ನೂರು ದಾಟಿದ ಸೆಂಚುರಿಗೌಡ ಬೀದಿ ಬದಿಯಲ್ಲಿ ಕೂತು ಹೋಗಿಬರುವವರನ್ನೆಲ್ಲ ಬೈಯುತ್ತಾನೆ. ಎದ್ದು ಮೂತ್ರಕ್ಕೆ ಹೋದವನು ಅಲ್ಲೇ ಬಿದ್ದು ಸಾಯುತ್ತಾನೆ. ಅಷ್ಟೇ. ಬೈಸಿಕೊಂಡವರು ತಿರುಗಿ ಬೀಳುವುದಿಲ್ಲ. ಅಲ್ಲಿಗೆ ಈ ಊರಲ್ಲಿ ವಯಸ್ಸಿಗೆ ಏನು ಸಲುಗೆ ಇದೆ ಎಂಬ ಕಟ್ಟಳೆ ತಿಳಿಯಿತು. ಆ ಸಲುಗೆಯನ್ನು ಗೌಡ ಹೇಗೆ ಬಳಸುತ್ತಾನೆ ಎಂಬುದರಲ್ಲೇ ಅವನ ಸ್ವಭಾವ ತಿಳಿಯಿತು. ಬಿಗುವು ಎಲ್ಲಿದೆ ಎಂದು ಕೇಳಬಹುದು. ಸಾವು ಆಯಿತೆಂದರೆ ಹನ್ನೊಂದನೇ ದಿನದ ತಿಥಿ ಆಗಲೇಬೇಕು, ಊರಿಗೆ ಊಟ ಹಾಕಲೇಬೇಕು, ಅದಕ್ಕೆ ದುಡ್ಡು ಬೇಕು, ಮಗ ಬೇಕು. ಇದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಚಿತ್ರದ ಹೆಸರು ಮತ್ತು ನೋಡುವವನ ತಿಳಿವಳಿಕೆ ಆ ಕೆಲಸ ಮಾಡುತ್ತವೆ. ಮುದುಕ ಬಿದ್ದ ಕ್ಷಣಕ್ಕೇ ದಿನಗಳ ಎಣಿಕೆ ಶುರುವಾಗಿಬಿಡುತ್ತದೆ.

ಈ ಮಾತನ್ನು ಇಲ್ಲಿಗೇ ಬಿಟ್ಟರೆ ಬರೆಯುವವರಿಗೆ ಹೆಚ್ಚು ಉಪಯೋಗವಾಗದು. ನಾನೇ ತಿದ್ದಿ ತಿದ್ದಿ ಬರೆದ ಒಂದು ಆರಂಭದ ದೃಶ್ಯವನ್ನು ಬಿಚ್ಚಿ ತೋರಿಸುತ್ತೇನೆ.

ಕಥೆ ನಡೆಯುವುದು ಹಳ್ಳಿಯೊಂದರ ಹಾಲಿನ ಡೇರಿಯಲ್ಲಿ. ಶಿವು ಎಂಬ ಇಪ್ಪತ್ಮೂರರ ಹುಡುಗ ಅಲ್ಲಿ ಹಾಲು ಪರೀಕ್ಷೆ ಮಾಡುತ್ತಾನೆ. ಅವನನ್ನು ಸಾಕಿದವಳು ದೊಡ್ಡವ್ವ. ಒಂದು ದಿನ ದೊಡ್ಡವ್ವನ ಹಾಲಿನಲ್ಲಿ ನೀರಿರುತ್ತದೆ, ಅದನ್ನು ಮುಚ್ಚಲು ಶಿವು ಸುಳ್ಳು ಹೇಳುತ್ತಾನೆ. ಇಡೀ ಚಿತ್ರ ಇಪ್ಪತ್ತು ನಿಮಿಷದ್ದು, ಈ ಒಂದು ಸುಳ್ಳು ಎಲ್ಲಿಗೆ ಒಯ್ಯುತ್ತದೆ ಎಂಬುದೇ ಅದರ ವಸ್ತು.

ಮೊದಲ ಸಲ ಬರೆದಾಗ ನಾನೂ ಅಲಾರಾಂನಿಂದಲೇ ಶುರು ಮಾಡಿದ್ದೆ. ದೊಡ್ಡವ್ವ ಶಿವುವನ್ನು ಎಬ್ಬಿಸುತ್ತಾಳೆ, ನಿನ್ನ ಅಪ್ಪ ಅವ್ವ ಹೋದಮೇಲೆ ನಿನ್ನನ್ನು ಇಷ್ಟುದ್ದ ಬೆಳೆಸಿದ್ದೇನೆ ಎನ್ನುತ್ತಾಳೆ, ಶಿವು ಸೈಕಲ್ ಹತ್ತಿ ಡೇರಿಗೆ ಹೋಗುತ್ತಾನೆ. ಒಂದೂವರೆ ಪುಟ ಖರ್ಚಾಗಿತ್ತು, ಹಾಲಿನ ಒಂದು ಹನಿಯೂ ಕಂಡಿರಲಿಲ್ಲ. ಎರಡನೆಯ ಸಲ ಆ ಎಲ್ಲವನ್ನೂ ಹೊಡೆದುಹಾಕಿ ನೇರವಾಗಿ ಡೇರಿಯ ಕಿಟಕಿಗೆ ಬಂದೆ. ಸಾಲು, ಕ್ಯಾನು, ಪರೀಕ್ಷೆ, ದೊಡ್ಡವ್ವನ ಸರದಿ. ಇದು ಮೊದಲಿನದಕ್ಕಿಂತ ಮೇಲು, ಆದರೆ ಅವಳ ಸರದಿ ಬರುವ ತನಕ ನೋಡುವವನಿಗೆ ಕಾಯಲು ಏನೂ ಇರಲಿಲ್ಲ. ಬಿಗುವು ಎಂಬತ್ತನೇ ಸೆಕೆಂಡಿಗೆ ಹುಟ್ಟುತ್ತಿತ್ತು, ಅದಕ್ಕೆ ಮೊದಲಿನದೆಲ್ಲ ಡೇರಿಯ ಸಾಕ್ಷ್ಯಚಿತ್ರದಂತಿತ್ತು.

ಆಗ ನನಗೆ ನೆನಪಾದದ್ದು ಆರ್ಸನ್ ವೆಲ್ಸ್‌ನ ‘ಟಚ್ ಆಫ್ ಈವಿಲ್’. 1958ರ ಈ ಚಿತ್ರ ಮೂರು ನಿಮಿಷಕ್ಕೂ ಮೀರಿದ, ಎಲ್ಲೂ ಕತ್ತರಿಸದ ಒಂದೇ ಶಾಟ್‌ನಿಂದ ಶುರುವಾಗುತ್ತದೆ. ಮೆಕ್ಸಿಕೊದ ಗಡಿ ಊರಿನಲ್ಲಿ ಒಬ್ಬ ಬಾಂಬಿಗೆ ಗಡಿಯಾರ ತಿರುಗಿಸಿ ಕಾರಿನ ಡಿಕ್ಕಿಯಲ್ಲಿಟ್ಟು ಓಡುತ್ತಾನೆ. ಏನೂ ಅರಿಯದ ಒಬ್ಬ ಗಂಡಸು, ಒಬ್ಬ ಹೆಂಗಸು ಕಾರು ಹತ್ತಿ ಹೊರಡುತ್ತಾರೆ. ಕಾರು ಪೊಲೀಸಿನವನ ಕೈಗೆ ನಿಲ್ಲುತ್ತದೆ, ತಳ್ಳುಗಾಡಿಗೆ ನಿಲ್ಲುತ್ತದೆ, ಮೇಕೆಗಳಿಗೆ ನಿಲ್ಲುತ್ತದೆ. ಹೊಸದಾಗಿ ಮದುವೆಯಾದ ಜೋಡಿಯೊಂದು ಅದರ ಪಕ್ಕದಲ್ಲೇ ನಡೆಯುತ್ತಾ ಗಡಿ ದಾಟುತ್ತದೆ. ಆ ಮೂರು ನಿಮಿಷ ನಾವು ನೋಡುವುದು ಒಂದು ಸಾಮಾನ್ಯ ಬೀದಿಯನ್ನು, ಒಂದು ಸಾಮಾನ್ಯ ತಪಾಸಣೆ ಕಟ್ಟೆಯನ್ನು. ಆದರೆ ಡಿಕ್ಕಿಯಲ್ಲಿ ಏನಿದೆ ಎಂದು ಗೊತ್ತಿರುವುದರಿಂದ ಆ ಮೇಕೆಗಳನ್ನೂ ಕಣ್ಣು ಮಿಟುಕಿಸದೆ ನೋಡುತ್ತೇವೆ. ಸ್ಟುಡಿಯೊ ಈ ಶಾಟ್‌ನ ಮೇಲೆ ಹೆಸರುಗಳನ್ನೂ ಹೆನ್ರಿ ಮ್ಯಾನ್ಸಿನಿಯ ಸಂಗೀತವನ್ನೂ ಹಾಕಿ ಬಿಡುಗಡೆ ಮಾಡಿತ್ತು. ವೆಲ್ಸ್ 58 ಪುಟಗಳ ಟಿಪ್ಪಣಿ ಬರೆದು ಚಿತ್ರದ ಸಂಕಲನದ ಬಗ್ಗೆ ತನ್ನ ತಕರಾರುಗಳನ್ನು ತಿಳಿಸಿದ್ದ. 1998ರಲ್ಲಿ ವಾಲ್ಟರ್ ಮರ್ಚ್ ಆ ಟಿಪ್ಪಣಿಯಂತೆ ಮರುಸಂಕಲನ ಮಾಡಿದಾಗ ಹೆಸರುಗಳು ಹೋದವು, ಬೀದಿಯ ಸದ್ದುಗಳು, ಅಂಗಡಿ ಮತ್ತು ಕಾರಿನ ರೇಡಿಯೊಗಳಿಂದ ಬರುವ ಹಾಡುಗಳು ಬಂದವು. ಎರಡನ್ನೂ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಕಾರಿನ ರೇಡಿಯೊ ಹತ್ತಿರ ಬಂದು ದೂರ ಹೋಗುವಾಗ ಬಾಂಬೂ ಹತ್ತಿರ ಬಂದು ದೂರ ಹೋಗುತ್ತದೆ.

ನಾನು ಕಲಿತದ್ದು ಅನುಕ್ರಮ. ಬಿಗುವನ್ನು ಮೊದಲು ಇಟ್ಟುಬಿಟ್ಟರೆ ಲೋಕವನ್ನು ತೋರಿಸಲು ಬೇಕಾದ ಸಮಯ ತಾನಾಗಿ ಸಿಗುತ್ತದೆ. ಹಾಗಾಗಿ ನನ್ನ ಬಾಂಬು ಮೊದಲ ಶಾಟ್‌ಗೇ ಬರಬೇಕಿತ್ತು, ಮತ್ತು ಅದು ನೀರು.

ಈಗಿನ ಬರಹ ಹೀಗೆ ಶುರುವಾಗುತ್ತದೆ:

ಹೊರಗೆ. ಬೀದಿ ನಲ್ಲಿ. ನಸುಕು.

ಕತ್ತಲು. ನಲ್ಲಿಯಿಂದ ಚೊಂಬಿಗೆ ನೀರು ಬೀಳುವ ಸದ್ದು. ಐದು ಲೀಟರಿನ ಸ್ಟೀಲ್ ಕ್ಯಾನು, ಮುಚ್ಚಳ ಸೊಟ್ಟ, ಹಿಡಿಗೆ ಸುತ್ತಿದ ಕೆಂಪು ಬಟ್ಟೆ. ಒಳಗೆ ಹಾಲು. ಬಳೆ ಸವೆದ ಕೈಯೊಂದು ಚೊಂಬಿನ ನೀರನ್ನು ಹಾಲಿಗೆ ಸುರಿಯುತ್ತದೆ. ಇನ್ನೊಂದು ಚೊಂಬು ಹಿಡಿಯುತ್ತದೆ. ತಡೆಯುತ್ತದೆ. ಆ ನೀರನ್ನು ನೆಲಕ್ಕೆ ಚೆಲ್ಲುತ್ತದೆ.

ಹದಿನೈದು ಸೆಕೆಂಡು, ಮಾತಿಲ್ಲ, ಮುಖವಿಲ್ಲ. ನೀರು ಬೆರೆಸುವವಳು ಯಾರೆಂದು ತಿಳಿಯದು, ಆದರೆ ಎಂಥವಳೆಂದು ತಿಳಿಯುತ್ತದೆ. ದಿನಾ ಮಾಡುವವಳಾಗಿದ್ದರೆ ಎರಡನೆಯ ಚೊಂಬನ್ನು ಚೆಲ್ಲುತ್ತಿರಲಿಲ್ಲ. ಆ ಚೆಲ್ಲುವ ಕೈಯನ್ನು ಹುಡುಕಲು ನನಗೆ ಒಂದು ವಾರ ಹಿಡಿಯಿತು, ಇಡೀ ಬರಹದಲ್ಲಿ ನನಗೆ ಅತ್ಯಂತ ಪ್ರಿಯವಾದ ಕ್ರಿಯೆಯೂ ಅದೇ.

ಇಲ್ಲಿಂದ ಡೇರಿ. ಕಟ್ಟಳೆ ಸರಳವಾಗಿರಬೇಕು, ಹಳ್ಳಿಯ ಮುಖವನ್ನೇ ಕಾಣದವನಿಗೂ ಒಂದೇ ನೋಟಕ್ಕೆ ಅರ್ಥವಾಗಬೇಕು. ಈಗ ಬಹಳ ಡೇರಿಗಳಲ್ಲಿ ಯಂತ್ರ ಇದೆ, ಹಾಲು ಇಟ್ಟರೆ ಕೊಬ್ಬು ಎಷ್ಟು ಎಂದು ಚೀಟಿ ಹೊರಗೆ ಬರುತ್ತದೆ. ಆದರೆ ಚೀಟಿಯಲ್ಲಿ ನಾಟಕವಿಲ್ಲ. ನಾನು ಆರಿಸಿಕೊಂಡದ್ದು ಲ್ಯಾಕ್ಟೋಮೀಟರ್. ಬುಡದಲ್ಲಿ ತೂಕವಿಟ್ಟ ಗಾಜಿನ ಬುರುಡೆ, ಮೇಲೆ ಅಂಕ ಬರೆದ ಸಣ್ಣ ಕಡ್ಡಿ. ಜಾರಿನ ಹಾಲಿಗೆ ಬಿಟ್ಟರೆ ಗಟ್ಟಿ ಹಾಲಿನಲ್ಲಿ ಎತ್ತರಕ್ಕೆ ತೇಲುತ್ತದೆ, ನೀರು ಬೆರೆತ ಹಾಲಿನಲ್ಲಿ ಮುಳುಗುತ್ತದೆ. ಒಳ್ಳೆಯ ಹಸುವಿನ ಹಾಲಾದರೆ 28ರ ಆಸುಪಾಸು ನಿಲ್ಲುತ್ತದೆ, 26ಕ್ಕಿಂತ ಕೆಳಗಾದರೆ ಅನುಮಾನ. ಡೇರಿಗಳಲ್ಲಿ ಇದನ್ನೇ ಡಿಗ್ರಿ ಬರಲಿಲ್ಲ ಅನ್ನುತ್ತಾರೆ. ಮುಳುಗುವುದು ಕಣ್ಣಿಗೆ ಕಾಣುವ ಸಂಗತಿ, ಅದಕ್ಕೆ ವಿವರಣೆ ಬೇಡ. ನಾಲ್ಕು ಲೀಟರ್ ಹಾಲಿಗೆ ಒಂದು ಲೀಟರಿನ ಚೊಂಬು ನೀರು ಬಿದ್ದರೆ 28 ಇದ್ದದ್ದು 22ರ ಹತ್ತಿರಕ್ಕೆ ಇಳಿಯುತ್ತದೆ, ಹಾಗಾಗಿ ದೊಡ್ಡವ್ವನ ಹಾಲು ತೋರಿಸುವ ಅಂಕವೂ ನನಗೆ ಮೊದಲೇ ಗೊತ್ತಿತ್ತು.

ಈ ಉಪಕರಣಕ್ಕೆ ಇನ್ನೊಂದು ಗುಣವಿದೆ, ನನ್ನ ದೃಶ್ಯ ನಿಂತಿರುವುದೇ ಅದರ ಮೇಲೆ. ಹಾಲು ಬೆಚ್ಚಗಿದ್ದರೆ ತೆಳುವಾಗುತ್ತದೆ, ನೀರಿಲ್ಲದಿದ್ದರೂ ಎರಡು ಮೂರು ಅಂಕ ಕಡಿಮೆ ತೋರಿಸುತ್ತದೆ. ಆಗತಾನೇ ಕರೆದು ತಂದ ಹಾಲನ್ನು ಆರಲು ಬಿಟ್ಟು ಮತ್ತೆ ನೋಡುವುದು ನ್ಯಾಯ. ಅಂದರೆ ಕಟ್ಟಳೆಯಲ್ಲಿ ಒಂದು ಕಿಂಡಿ ಇದೆ. ನೀರು ಹಾಕಿದವನೂ ಬಿಸಿ ಇದೆ ಎಂದು ಹೇಳಿ ತಪ್ಪಿಸಿಕೊಳ್ಳಲು ನೋಡಬಹುದು. ಕ್ಯಾನನ್ನು ಮುಟ್ಟಿದರೆ ಸುಳ್ಳು ಗೊತ್ತಾಗುತ್ತದೆ. ಸ್ಟೀಲ್ ಕ್ಯಾನೇ ಬೇಕೆಂದು ನಾನು ಹಟ ಹಿಡಿದದ್ದಕ್ಕೂ ಇದೇ ಕಾರಣ. ಪ್ಲಾಸ್ಟಿಕ್ ಕ್ಯಾನಿನ ಮೈ ಮುಟ್ಟಿದರೆ ಒಳಗಿನ ಬಿಸಿ ಅಷ್ಟು ಸ್ಪಷ್ಟವಾಗಿ ತಿಳಿಯದು.

ಹದಿನೈದನೇ ಸೆಕೆಂಡಿನಿಂದ ಮೂವತ್ತೈದರ ತನಕ ಸಾಲು. ಜನ ನಿಂತಿಲ್ಲ, ಕ್ಯಾನುಗಳು ನಿಂತಿವೆ, ಜನ ಪಕ್ಕದ ಕಟ್ಟೆಯ ಮೇಲೆ ಬೀಡಿ ಸೇದುತ್ತಿದ್ದಾರೆ. ಒಬ್ಬೊಬ್ಬರು ಎದ್ದು ತಮ್ಮ ಕ್ಯಾನನ್ನು ಕಾಲಿನಿಂದ ಒಂದಡಿ ಮುಂದೆ ತಳ್ಳುತ್ತಾರೆ. ಕೆಂಪು ಬಟ್ಟೆಯ ಕ್ಯಾನೂ ಮುಂದೆ ಸರಿಯುತ್ತದೆ. ಬಾಂಬಿಟ್ಟ ಕಾರು ಗಡಿಯ ಕಡೆ ಸರಿದ ಹಾಗೆ.

ಕಿಟಕಿಯಲ್ಲಿ ಶಿವು. ಅವನ ಮುಂದೆ ಊರಿನ ಹಿರಿಯನೊಬ್ಬನ ಹಾಲು. ಲ್ಯಾಕ್ಟೋಮೀಟರ್ ಮುಳುಗುತ್ತದೆ.

ಶಿವು: ಇಪ್ಪತ್ನಾಕು.

ಮಾವ: ಈಗ ಕರ್ಕೊಂಡ್ ಬಂದಿವ್ನಿ ಕಣ್ಲಾ. ಬಿಸಿ ಅದೆ.

ಶಿವು ಕಿಟಕಿಯಿಂದ ಕೈ ಚಾಚಿ ಕ್ಯಾನಿನ ಮೈಗೆ ಅಂಗೈ ಇಡುತ್ತಾನೆ.

ಶಿವು: ತಣ್ಣಗದೆ ಮಾವ.

ಕಟ್ಟೆಯ ಮೇಲೆ ಬೀಡಿ ಸೇದುವವರು ತಿರುಗಿ ನೋಡುತ್ತಾರೆ. ಶಿವು ಜಾರಿನ ಹಾಲನ್ನು ಒಂದು ಹನಿಯೂ ಬಿಡದಂತೆ ಕ್ಯಾನಿಗೆ ಸುರಿದು, ಮುಚ್ಚಳ ಹಾಕಿ, ವಾಪಸ್ ಕೊಡುತ್ತಾನೆ.

ಒಂಬತ್ತು ಪದದ ಮಾತು, ನಲವತ್ತು ಸೆಕೆಂಡು. ಕಡಿಮೆ ಬಂದರೆ ಅನುಮಾನ, ಬಿಸಿಯಾಗಿದ್ದರೆ ವಿನಾಯಿತಿ, ಮುಟ್ಟಿ ನೋಡುವುದೇ ತೀರ್ಪು, ತೀರ್ಪು ಊರೆದುರಿಗೆ ಎಂಬ ಇಡೀ ಕಟ್ಟಳೆ ಇದರಲ್ಲಿ ಮುಗಿಯಿತು. ಶಿವು ಯಾರೆಂದೂ ತಿಳಿಯಿತು. ಅವನು ಹಿರಿಯನಿಗೆ ಎದುರು ನಿಲ್ಲಬಲ್ಲ, ಆದರೆ ಮಾವ ಎನ್ನುವುದನ್ನು ಬಿಡುವುದಿಲ್ಲ, ಮತ್ತು ತಿರಸ್ಕರಿಸಿದ ಹಾಲಿನ ಒಂದು ಹನಿಯನ್ನೂ ತಾನು ಇಟ್ಟುಕೊಳ್ಳುವುದಿಲ್ಲ. ಮೊದಲ ಬರಹದಲ್ಲಿ ಇವನು ಬಹಳ ಪ್ರಾಮಾಣಿಕ ಎಂದು ಇನ್ನೊಬ್ಬರ ಬಾಯಲ್ಲಿ ಹೇಳಿಸಿದ್ದೆ. ಆ ಮಾತನ್ನು ಕೇಳಿದವರು ಒಪ್ಪಿಕೊಳ್ಳುತ್ತಾರೆ, ನಂಬುವುದಿಲ್ಲ. ಹನಿ ಬಿಡದೆ ಸುರಿಯುವ ಕೈಯನ್ನು ನಂಬುತ್ತಾರೆ.

ಮಾವನನ್ನು ಇಲ್ಲಿಂದ ಮನೆಗೆ ಕಳಿಸಬಾರದು. ಹೊಸಬರು ಮಾಡುವ ಒಂದು ತಪ್ಪು ಇದು: ಕಟ್ಟಳೆಯನ್ನು ತೋರಿಸಲು ತಂದ ಪಾತ್ರವನ್ನು ಕೆಲಸ ಮುಗಿದ ತಕ್ಷಣ ಹೊರಗೆ ಕಳಿಸಿಬಿಡುತ್ತಾರೆ. ಅವಮಾನವಾದ ಮನುಷ್ಯ ಅಷ್ಟು ಬೇಗ ಹೋಗುವುದಿಲ್ಲ. ಕಿಟಕಿಯ ಪಕ್ಕ ನಿಂತು ಬೀಡಿ ಹಚ್ಚುತ್ತಾನೆ, ಮುಂದಿನವರದ್ದು ಎಷ್ಟು ಬರುತ್ತದೆ ನೋಡೋಣ ಎಂದು.

ಮುಂದಿನದು ಕೆಂಪು ಬಟ್ಟೆಯ ಕ್ಯಾನು. ಕ್ಯಾನಿನ ಜತೆಗೆ ಬಳೆ ಸವೆದ ಅದೇ ಕೈ ಕಿಟಕಿಯ ಕಟ್ಟೆಯ ಮೇಲೆ ಒಂದು ತಿಂಡಿ ಡಬ್ಬಿ ಇಡುತ್ತದೆ. ಶಿವು ತಲೆ ಎತ್ತದೆ ಡಬ್ಬಿಯನ್ನು ಎತ್ತಿ ಮೇಜಿನ ಕೆಳಗೆ ಇಟ್ಟುಕೊಳ್ಳುತ್ತಾನೆ, ದಿನಾ ಮಾಡುವ ಹಾಗೆ. ದೊಡ್ಡವ್ವ ಸಾಕಿದ್ದಾಳೆ ಎಂಬ ಅರ್ಧ ಪುಟದ ಮಾತಿಗೆ ಬದಲಾಗಿ ಬಂದದ್ದು ಈ ಡಬ್ಬಿ. ಮುಖ್ಯವಾದದ್ದು ಅವನು ತಲೆ ಎತ್ತದಿರುವುದು. ನೋಡಿ, ನಕ್ಕು, ತೆಗೆದುಕೊಂಡರೆ ಅದು ಉಡುಗೊರೆಯಾಗುತ್ತದೆ.

ಲ್ಯಾಕ್ಟೋಮೀಟರ್ ಮುಳುಗುತ್ತದೆ, ಮಾವನದಕ್ಕಿಂತ ಕೆಳಕ್ಕೆ. ಈಗ ಶಿವು ತಲೆ ಎತ್ತುತ್ತಾನೆ. ಅಲ್ಲಿಯ ತನಕ ನೋಡುವವನಿಗೆ ಗೊತ್ತಿದ್ದದ್ದು ಶಿವುಗೆ ಗೊತ್ತಿರಲಿಲ್ಲ, ಈಗ ಗೊತ್ತಾಯಿತು.

ಮಾವ: ಎಷ್ಟ್ಲಾ?

ಶಿವು ಕೈ ಚಾಚಿ ಕ್ಯಾನಿನ ಮೈಗೆ ಅಂಗೈ ಇಡುತ್ತಾನೆ. ತೆಗೆಯುವುದಿಲ್ಲ. ದೊಡ್ಡವ್ವ ನೆಲ ನೋಡುತ್ತಿದ್ದಾಳೆ.

ಶಿವು: ಬಿಸಿ ಅದೆ.

ಮಾವ ಬೀಡಿಯನ್ನು ಎಡಗೈಗೆ ಬದಲಿಸಿ ಬಲಗೈಯನ್ನು ಕ್ಯಾನಿನ ಕಡೆಗೆ ಚಾಚುತ್ತಾನೆ.

ಇಲ್ಲಿಗೆ ಎರಡು ನಿಮಿಷ. ಒಂದು ಪುಟ ಒಂದು ನಿಮಿಷ ಎಂಬ ಲೆಕ್ಕವನ್ನು ಎಲ್ಲರೂ ಹೇಳುತ್ತಾರೆ, ಆದರೆ ಅದು ಹಾಲಿವುಡ್‌ನವರು ಕೊರಿಯರ್ ಅಕ್ಷರದಲ್ಲಿ, 12 ಪಾಯಿಂಟಿನಲ್ಲಿ, ಗೊತ್ತಾದ ಅಂಚು ಬಿಟ್ಟು ಇಂಗ್ಲಿಷಿನಲ್ಲಿ ಬರೆಯುವ ಪುಟದ ಲೆಕ್ಕ. ನಮ್ಮ ಅಕ್ಷರಕ್ಕೆ, ನಮ್ಮ ಉದ್ದುದ್ದ ಪದಗಳಿಗೆ ಅದು ಕೂಡುವುದಿಲ್ಲ. ನಾನು ಮೊಬೈಲಿನಲ್ಲಿ ಸ್ಟಾಪ್‌ವಾಚ್ ಹಾಕಿ, ಎದ್ದು ನಿಂತು, ಚೊಂಬು ಹಿಡಿದು ಸುರಿಯುವುದರಿಂದ ಕೈ ಚಾಚುವ ತನಕ ಮಾಡಿ ನೋಡುತ್ತೇನೆ. ಕೂತು ಓದಿದಾಗ ಎಪ್ಪತ್ತು ಸೆಕೆಂಡಿಗೆ ಮುಗಿದದ್ದು ಮಾಡಿ ನೋಡಿದಾಗ ನೂರಿಪ್ಪತ್ತೈದಕ್ಕೆ ಬಂತು. ಲ್ಯಾಕ್ಟೋಮೀಟರ್ ಅಲುಗಾಡಿ ನಿಲ್ಲಲು ತನ್ನದೇ ಸಮಯ ತೆಗೆದುಕೊಳ್ಳುತ್ತದೆ, ಅದನ್ನು ಅವಸರಪಡಿಸಲು ಆಗುವುದಿಲ್ಲ. ಆ ನಿಲ್ಲುವ ಹೊತ್ತೇ ಬಿಗುವು, ಆದ್ದರಿಂದ ನಾನು ಕಡಿಮೆ ಮಾಡಿದ್ದು ಸಾಲಿನ ಶಾಟ್‌ಗಳನ್ನು.

ಎಲ್ಲ ಚಿತ್ರಕ್ಕೂ ಈ ದಾರಿ ಸರಿಹೋಗದು. ಎರಡೂವರೆ ಗಂಟೆಯ ಚಿತ್ರಕ್ಕೆ ನಿಧಾನವಾಗಿ ಊರೊಳಗೆ ನಡೆಸಿಕೊಂಡು ಹೋಗುವ ಹಕ್ಕಿದೆ. ಇಪ್ಪತ್ತು ನಿಮಿಷದ ಚಿತ್ರಕ್ಕೆ ಎರಡು ನಿಮಿಷ ಎಂದರೆ ಹತ್ತನೇ ಒಂದು ಪಾಲು. ಆ ಅವಸರದಲ್ಲಿ ಬಹಳ ಜನ ಕಥೆಯ ಕೊನೆಯಲ್ಲಿ ಬರುವ ಕೊಲೆಯನ್ನೋ ಓಟವನ್ನೋ ಮೊದಲಿಗೆ ತಂದಿಟ್ಟು, ಮೂರು ದಿನ ಹಿಂದೆ ಎಂದು ಬರೆದು, ಮತ್ತೆ ಅಲಾರಾಂಗೇ ಹೋಗುತ್ತಾರೆ. ಅದು ಸಾಲ ತಂದ ಬಿಗುವು. ಓಡುತ್ತಿರುವವನು ಯಾರು, ಯಾವ ಕಟ್ಟಳೆ ಮುರಿದ ಎಂದು ತಿಳಿಯದೆ ಅವನ ಓಟ ನಮಗೆ ತಟ್ಟುವುದಿಲ್ಲ.

ದೃಶ್ಯ ಕೂತಿದೆಯೇ ಎಂದು ತಿಳಿಯಲು ನಾನು ಮಾಡುವ ಪರೀಕ್ಷೆ ಒಂದೇ. ಕಥೆ ಗೊತ್ತಿಲ್ಲದ ಒಬ್ಬರಿಗೆ ಆ ಎರಡು ನಿಮಿಷದ ಬರಹವನ್ನು ಮಾತ್ರ ಕೊಟ್ಟು, ಓದಿದ ಮೇಲೆ ನಿಮಗೆ ಏನು ತಿಳಿಯಬೇಕು ಎಂದು ಕೇಳುವುದು. ಮುಂದೇನಾಗುತ್ತದೆ ಎಂದು ಅವರು ಹೇಳಿದರೆ ಬರಹ ಸೋತಿದೆ, ಅದು ಮರ್ಯಾದೆಯ ಮಾತು. ಗುರಿ ಹಿಡಿದ ಪ್ರಶ್ನೆ ಬರಬೇಕು. ಗೆಳತಿಯೊಬ್ಬಳು ಓದಿ ಕೇಳಿದ್ದು, ಮಾವ ಮುಟ್ಟಿದನಾ ಎಂದು. ನನಗೆ ಬಹಳ ಸಂತೋಷವಾಯಿತು. ಆದರೆ ಅವಳು ಮತ್ತೊಂದನ್ನೂ ಕೇಳಿದಳು: ಕ್ಯಾನು ನಿಜವಾಗಿಯೂ ಬಿಸಿ ಇತ್ತೋ ಇಲ್ಲವೋ?

ಆ ಪ್ರಶ್ನೆ ಕೇಳಬಾರದಿತ್ತು. ಶಿವು ಸುಳ್ಳು ಹೇಳಿದ ಎಂದು ಗೊತ್ತಾಗದಿದ್ದರೆ ಚಾಚಿದ ಕೈಗೆ ಬೆಲೆಯೇ ಇಲ್ಲ. ತಣ್ಣಗಿರುವುದು ಪರದೆಯ ಮೇಲೆ ಕಾಣುವುದಿಲ್ಲ; ನಲ್ಲಿಯ ಬಳಿ ಕಂಡ ಕ್ಯಾನೇ ಇದು ಎಂದು ಗುರುತು ಸಿಕ್ಕರೆ ಮಾತ್ರ ಅವನ ಸುಳ್ಳು ಸುಳ್ಳಾಗಿ ಕೇಳಿಸುತ್ತದೆ. ಅವಳು ಕೆಂಪು ಬಟ್ಟೆಯನ್ನು ಮೊದಲ ಶಾಟ್‌ನಲ್ಲಿ ಓದಿ ಮರೆತಿದ್ದಳು. ತಪ್ಪು ಅವಳದ್ದಲ್ಲ. ನಾನು ಅದನ್ನು ಸಾಲಿನ ಮಧ್ಯೆ, ಬೀಡಿಯ ಹೊಗೆ ಮತ್ತು ನಾಯಿಯ ವಿವರಗಳ ನಡುವೆ ಹುದುಗಿಸಿಬಿಟ್ಟಿದ್ದೆ. ನಾಯಿಯನ್ನು ತೆಗೆದೆ. ಡೇರಿಯ ದೃಶ್ಯದ ಮೊದಲ ಸಾಲು ಈಗ ಹೀಗಿದೆ:

ಒಂದರ ಹಿಂದೆ ಒಂದು ಕ್ಯಾನು. ಐದನೆಯದರ ಮುಚ್ಚಳ ಸೊಟ್ಟ, ಹಿಡಿಯ ಕೆಂಪು ಬಟ್ಟೆ ಇನ್ನೂ ಒದ್ದೆ.